ನಲವತ್ತಕ್ಕೆ ನಲವತ್ತು

ಬನಹಟ್ಟಿಯ ನಮ್ಮ ನೇಕಾರರ ಸಂಘಕ್ಕೆ ದೊಡ್ಡ ಸೀರೆ ಆರ್ಡರ್ ಬಂದಾಗ, ನೂಲಿಗೆ ಬಣ್ಣ ಹಾಕುವ ಕೆಲಸ ನಮ್ಮದೇ ಬಣ್ಣದ ಮನೆಯಲ್ಲಿ ಮಾಡುವುದೋ ಹೊರಗೆ ಕೊಡುವುದೋ ಎಂಬ ಪ್ರಶ್ನೆ ಎದ್ದಿತು. "ನಮ್ಮ ಬಣ್ಣ ನಿಲ್ಲೂದಿಲ್ರಿ, ಹೊರಗ ಕೊಡೂಣು" ಎಂದು ಅಧ್ಯಕ್ಷರು ಒಂದೇ ಮಾತಿನಲ್ಲಿ ಮುಗಿಸಿದರು. ಯಾರೂ ಪರೀಕ್ಷೆ ಮಾಡಿ ನೋಡಲಿಲ್ಲ.

ಹೊರಗಿನ ಮೂವರು ಬಣ್ಣಗಾರರು ಮಾದರಿಗೆಂದು ಬಣ್ಣ ಹಾಕಿದ ನೂಲಿನ ಲಡಿ ಕಳಿಸಿದರು. ಅಂಕ ಹಾಕುವ ಹೊಣೆ ನನ್ನದು: ಬಣ್ಣದ ಗಟ್ಟಿತನಕ್ಕೆ ನಲವತ್ತು, ಹೊತ್ತಿಗೆ ಸರಿಯಾಗಿ ಕೊಡುವುದಕ್ಕೆ ಮೂವತ್ತು, ದರಕ್ಕೆ ಮೂವತ್ತು. ಸಾಬೂನು ನೀರಿನಲ್ಲಿ ಕುದಿಸಿದರೂ ಒಂದು ಲಡಿ ಚೂರೂ ಬಣ್ಣ ಬಿಡಲಿಲ್ಲ. ನಲವತ್ತಕ್ಕೆ ನಲವತ್ತು ಕೊಟ್ಟೆ. ಅದನ್ನು ಕಳಿಸಿದ ಮಹಾಲಿಂಗಪುರದವನು ಆ ಬಲದ ಮೇಲೇ ಮೊದಲ ಸ್ಥಾನಕ್ಕೆ ಬಂದ.

ಕೆಲಸ ಅವನಿಗೆ ಹೋದ ಮೇಲೆ, ನಮ್ಮ ಸಂಘದ ಬಣ್ಣಗಾರ ಅಜ್ಜ ಆ ಲಡಿ ಎತ್ತಿ ಅದರ ದಾರದ ಗಂಟು ತೋರಿಸಿದ. "ಇದು ನಾ ಬಣ್ಣ ಹಾಕಿದ ಲಡಿ, ನಾ ಕಟ್ಟಿದ ಗಂಟರೀ. ಹೋದ ತಿಂಗಳ ಅಂವ ನೋಡಾಕಂತ ನನ್ನ ಕಡೆಯಿಂದ ಒಯ್ದಾನ."

ಅಧ್ಯಕ್ಷರ ಬಳಿ ಓಡಿದೆ. "ಠರಾವು ಆಗೇತಿ, ಈಗೇನ್ ಮಾಡಾಕ ಬರ್ತೈತಿ?" ಎಂದರು.

ಸಿಟ್ಟು ಬಂತು. ಮೋಸ ಮಾಡಿದವನ ಮೇಲೆ ಅಷ್ಟಲ್ಲ, ನನ್ನ ಮೇಲೆಯೇ. ಅಂಕಪಟ್ಟಿಯಲ್ಲಿ ಹೊರಗಿನ ಮೂವರಿಗೆಂದು ಮೂರೇ ಸಾಲು ಎಳೆದಿದ್ದೆ. ನಾಲ್ಕನೆಯದನ್ನು ಎಳೆದು ನಮ್ಮ ಬಣ್ಣದ ಮನೆಯ ಹೆಸರು ಬರೆಯದಂತೆ ಯಾರೂ ನನ್ನ ಕೈ ಹಿಡಿದು ತಡೆದಿರಲಿಲ್ಲ.