ಕೀ ಮೇಡಂ ಬರೆದ ಸುತ್ತುದಾರಿ

ಮೂವತ್ತೊಂದು ವರ್ಷ ಗಣಿತ ಹೇಳಿಕೊಟ್ಟವರಿಗೆ ಕೊನೆಗೆ ಉಳಿದದ್ದು ‘ಕೀ ಮೇಡಂ’ ಎಂಬ ಹೆಸರು. ಪ್ರತಿ ವರ್ಷ ಪರೀಕ್ಷೆಯ ಮಾದರಿ ಉತ್ತರ, ಅಂದರೆ ಕೀ, ಬರೆಯುತ್ತಿದ್ದವರು ಅವರೇ. ಅದರಲ್ಲಿ ತಪ್ಪು ಹುಡುಕುವುದೆಂದರೆ ಮೊಸರಿನಲ್ಲಿ ಕಲ್ಲು ಹುಡುಕಿದಂತೆ ಎಂದು ಉಳಿದ ಮೇಷ್ಟ್ರುಗಳು ನಗುತ್ತಿದ್ದರು.

ಆ ವರ್ಷದ ಹನ್ನೊಂದನೆಯ ಪ್ರಶ್ನೆಗೆ ಐದು ಅಂಕ: eˣನ ಅವಕಲನ (ಡೆರಿವೇಟಿವ್) eˣ ಎಂದು ಮಿತಿಯ (ಲಿಮಿಟ್) ವ್ಯಾಖ್ಯೆಯಿಂದ ಸಾಧಿಸಿ. ಮೌಲ್ಯಮಾಪನದ ಹಾಲ್‌ನಲ್ಲಿ ಇನ್ನೂರು ಜನ ತಲೆ ಬಗ್ಗಿಸಿ ಕೂತಿದ್ದರು. ಹೆಸರು ಕತ್ತರಿಸಿ ಅಂಕೆ ಹಚ್ಚಿದ ಉತ್ತರಪತ್ರಿಕೆಗಳು. ಯಾವ ಊರಿನವು, ಯಾರವು, ದೇವರಿಗೂ ತಿಳಿಯದು.

ಮೂರನೆಯ ದಿನ ಬೆಳಿಗ್ಗೆ ಮೇಡಂ ಒಂದು ಸಾಲಿನ ಮೇಲೆ ಬೆರಳಿಟ್ಟು ನಿಂತರು. ‘ಮೇಲೂ ಸೊನ್ನೆ, ಕೆಳಗೂ ಸೊನ್ನೆ. ಹೆದರಬೇಡಿ. ಎರಡನ್ನೂ ಅವಕಲಿಸಿ.’

ಪರೀಕ್ಷೆ ಬರೆಯುವ ಮಗು ಯಾರಿಗೆ ಹೆದರಬೇಡಿ ಎನ್ನುತ್ತದೆ?

ಮುಂದಿನ ಪತ್ರಿಕೆಯಲ್ಲೂ ಅದೇ ಇತ್ತು. ಬೇರೆ ಬಂಡಲ್ ತೆರೆದರು, ಬೇರೆ ಅಕ್ಷರ, ಅದೇ ಮಾತು. ಅದು ಅವರದೇ ಮಾತು, ಈ ವರ್ಷದ ಕೀಯಲ್ಲಿ ಅವರು ಬರೆದ ಹೆಜ್ಜೆಯೂ ಅದೇ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಬೆದರಿದ ಒಂದು ತರಗತಿಗೆ ಹೇಳಿದ್ದು. ಆ ಮಕ್ಕಳು ಮೇಷ್ಟ್ರಾದರು, ಅವರ ಶಿಷ್ಯರೂ ಮೇಷ್ಟ್ರಾದರು. ತಾವು ಕಾಲಿಡದ ಊರುಗಳಿಂದ ತಮ್ಮ ಇಪ್ಪತ್ತಾರನೆಯ ವಯಸ್ಸಿನ ದನಿ ನೂರಾರು ಕೈಗಳಲ್ಲಿ ತಿರುಗಿ ಬಂದಿತ್ತು. ಫ್ಯಾನಿನ ಗಾಳಿಗೆ ಹಾಳೆಗಳು ಪಟಪಟ ಎನ್ನುತ್ತಿದ್ದವು.

“ಮೇಡಂ, ಇದೊಂದು ನೋಡಿ,” ಎಂದು ಪಕ್ಕದ ಮೇಜಿನ ಹೊಸ ಮೇಷ್ಟ್ರು ಒಂದು ಪತ್ರಿಕೆ ಚಾಚಿದ. “ಕೀ ಥರ ಇಲ್ಲ, ಎರಡು ಕೊಟ್ಟೆ. ಟೈಮೆಲ್ಲಾ ಇದಕ್ಕೇ ಸುರಿದಿದಾನೋ, ಸುರಿದಿದಾಳೋ, ಅರ್ಧ ಪೇಪರ್ ಖಾಲಿ. ಒಟ್ಟು ಮೂವತ್ತೆರಡು. ಮೂರು ಅಂಕಕ್ಕೆ ಫೇಲು.”

ಆರಂಭ ಎಲ್ಲರಂತೆಯೇ ಇತ್ತು: eˣ⁺ʰನಿಂದ eˣ ಕಳೆದು hನಿಂದ ಭಾಗಿಸಿ, eˣ ಅನ್ನು ಹೊರಗೆ ತೆಗೆದು, ಉಳಿದದ್ದು (eʰ − 1)/h. ಅಲ್ಲಿ ‘ಹೆದರಬೇಡಿ’ ಎಂದು ಬರೆದು, ಒಂದೇ ಗೆರೆ ಎಳೆದು ಹೊಡೆದುಹಾಕಿತ್ತು. ಕೆಳಗೆ: ‘eʰ ಅನ್ನು ಅವಕಲಿಸುವಂತಿಲ್ಲ. ಸಾಧಿಸಬೇಕಾದದ್ದು ಅದನ್ನೇ.’

ಮೇಡಂ ಸಾಲು ಸಾಲಾಗಿ ಓದಿದರು. n ಬೆಳೆದಂತೆ (1 + h/n)ⁿನ ಮಿತಿಯೇ eʰ. n ದೊಡ್ಡದಾದಾಗ ಆ ಘಾತ 1 + hಗಿಂತ ಕಡಿಮೆಯಾಗದು, ಆದ್ದರಿಂದ eʰ ಕೂಡ ಎಂದೂ 1 + hಗಿಂತ ಕಡಿಮೆಯಿಲ್ಲ. hನ ಜಾಗದಲ್ಲಿ −h ಇಟ್ಟರೆ, h ಒಂದಕ್ಕಿಂತ ಚಿಕ್ಕದಿರುವಾಗ, eʰ ಎಂದೂ 1/(1 − h) ಮೀರದು. ಹಾಗಾಗಿ h ಧನವಾಗಿದ್ದರೆ (eʰ − 1)/h ಎಂಬುದು 1 ಮತ್ತು 1/(1 − h)ರ ನಡುವೆ ಸಿಕ್ಕಿಬಿತ್ತು. ಋಣವಾದರೆ ಎರಡು ಗೋಡೆಗಳೂ ಸ್ಥಳ ಬದಲಿಸುತ್ತವೆ, ಅಷ್ಟೆ. h ಸೊನ್ನೆಗೆ ಹತ್ತಿರವಾದಂತೆ ಗೋಡೆಗಳು ಕೂಡಿದವು. ಮಿತಿ 1. ಉಳಿದದ್ದು eˣ.

ಒಂದು ಬಿರುಕಿಲ್ಲ. ಮೂವತ್ತೊಂದು ವರ್ಷವೂ ತಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಯಾರೋ ಮಾತಾಡದೆ ಕೂತಿದ್ದು ಈಗ ಎದ್ದು ನಿಂತಂತಾಯಿತು.

ಮೇಡಂ ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿದರು. ಅಕ್ಕ ನಿವೃತ್ತ ನರ್ಸ್. ಇಬ್ಬರದೂ ಒಂದೇ ಮನೆ.

“ಅಕ್ಕಾ, ಇಷ್ಟು ವರ್ಷ ತಪ್ಪು ಹೇಳ್ಕೊಟ್ಟಿದೀನಿ ಕಣೇ.”

“ಯಾರಾದ್ರೂ ಸತ್ರಾ?”

“ಇಲ್ಲ.”

“ಹಾಗಿದ್ರೆ ಪುಣ್ಯವಂತೆ. ತಿದ್ದು. ನಾನು ಒಂದ್ಸಲ ತಪ್ಪಿದಾಗ ತಿದ್ದೋಕೆ ಪೇಷಂಟೇ ಉಳಿದಿರ್ಲಿಲ್ಲ.” ಅಕ್ಕ ಇದನ್ನು ಹಿಂದೆಂದೂ ಹೇಳಿರಲಿಲ್ಲ. ಫೋನ್ ಇಟ್ಟುಬಿಟ್ಟಳು.

ಮೇಡಂ ಆ ಪತ್ರಿಕೆ ತೋರಿಸಿದಾಗ ಮುಖ್ಯ ಪರೀಕ್ಷಕರು ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು. “ಸುಮ್ನೆ ಮೂರು ಅಂಕ ಹಾಕಿ ಮೇಡಂ, ಪಾಸಾಗ್ಲಿ. ಕೀ ತಪ್ಪು ಅಂತ ಬರೆದ್ರೆ ಮೂರು ದಿನದ ಬಂಡಲ್ ಬಿಚ್ಚಬೇಕು. ನಿಮ್ಮ ಹೆಸರೂ ಹೋಗತ್ತೆ.”

“ಹೀಗೇ ಬರೆದವರು ಇನ್ನೂ ಇರಬಹುದು. ಅವರಿಗೆ ಯಾರು ಸುಮ್ನೆ ಹಾಕ್ತಾರೆ?”

“ಕೀ ಥರಾನೇ ಸುತ್ತು ಹೊಡೆದವರ ಅಂಕ ಕೀಳ್ತೀರಾ?”

“ಇಲ್ಲ. ಅದು ಹೇಳ್ಕೊಟ್ಟವರ ತಪ್ಪು. ಮೈಕ್ ಕೊಡಿ.”

ಹಾಲ್‌ನಲ್ಲಿ ಅವರ ದನಿ ಗೋಡೆಗೆ ಬಡಿದು ತಡವಾಗಿ ಮರಳಿತು. ಕೀಯಲ್ಲಿ ಸಾಧಿಸಬೇಕಾದದ್ದನ್ನೇ ಬಳಸಿದ ಸುತ್ತುವಾದವಿದೆ, ಬರೆದವಳು ನಾನು, ಅದಿಲ್ಲದೆ ಸಾಧಿಸಿದವರಿಗೆ ಪೂರ್ತಿ ಐದು ಕೊಡಬೇಕು, ಅಂಥವನ್ನು ಎರಡಕ್ಕೆ ನಿಲ್ಲಿಸಿದವರು ಕೈ ಎತ್ತಿ.

ಪೆನ್ನುಗಳು ನಿಂತವು. ಕಟ್ಟಿಟ್ಟ ಬಂಡಲುಗಳ ದಾರ ಬಿಚ್ಚುವ ಸದ್ದು ಕೇಳಿಸಿತು. ಬಹಳ ಹೊತ್ತಿನ ಮೇಲೆ ಕಿಟಕಿಯ ಬಳಿ ಒಂದು ಕೈ ಮೇಲೆದ್ದಿತು. ಆಮೇಲೆ ಕಂಬದ ಹಿಂದೊಂದು. ಆಮೇಲೆ ಎರಡು. ಒಂಬತ್ತರವರೆಗೆ ಮೇಡಂ ಎಣಿಸಿದರು. ಆಮೇಲೂ ಕೈಗಳು ಏಳುತ್ತಲೇ ಇದ್ದವು.

ಅವರು ಕೆಂಪು ಪೆನ್ನಿನ ಮುಚ್ಚಳ ತೆಗೆದು ಹತ್ತಿರದ ಮೇಜಿನತ್ತ ನಡೆದರು.