‘ಪಾಳಿ’ಯ ಕೋಡ್ ರೆಪೊ ಸೇರಿದ ಭಾನುವಾರ

ಲಿಂಗಸುಗೂರಿನ ಡಿಪ್ಲೊಮಾ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಪಾಠ ಮಾಡುತ್ತಾ ಹನ್ನೆರಡು ವರ್ಷ ದಾಟಿದೆ. ಮನೆ ಮಸ್ಕಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿಬರುವುದು. ಗಿಟ್ ಎಂಬುದರ ಬಗ್ಗೆ ಪ್ರತಿ ವರ್ಷ ಒಂದು ತಾಸು ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತಿದ್ದೆ: ಕೋಡಿನಲ್ಲಿ ಆದ ಪ್ರತಿ ಬದಲಾವಣೆಯನ್ನು ಯಾರು, ಯಾವಾಗ ಮಾಡಿದರೆಂಬುದರ ಸಮೇತ ನೆನಪಿಟ್ಟುಕೊಳ್ಳುವ ವ್ಯವಸ್ಥೆ ಅದು, ಆ ನೆನಪಿನ ಸಮೇತ ಇರುವ ಫೋಲ್ಡರಿಗೆ ರೆಪೊ ಅನ್ನುತ್ತಾರೆ, ಅಂತ. ಮಕ್ಕಳು ಬರೆದುಕೊಳ್ಳುತ್ತಿದ್ದರು. ನಾನು ಮಾತ್ರ ಒಂದು ದಿನವೂ ಅದನ್ನು ನನ್ನ ಕೆಲಸಕ್ಕೆ ಬಳಸಿರಲಿಲ್ಲ. ಇದನ್ನು ಈಗ ನಗುತ್ತಾ ಹೇಳಬಲ್ಲೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮದುವೆಯಾಗಿ ಸಿಂಧನೂರು ಸೇರಿದ್ದಳು. ಅವಳ ಗಂಡನ ಮನೆಯವರದು ಭತ್ತ ಕೊಯ್ಯುವ ಮಿಷಿನ್‌ಗಳು. ಒಂದು ಟೈರಿನದು, ಇನ್ನೊಂದು ಹಸಿ ಗದ್ದೆಯಲ್ಲೂ ಓಡುವ ಚೈನಿನದು. ಕೊಯ್ಲಿನ ಕಾಲ ಬಂತೆಂದರೆ ಕಾಲುವೆ ಉದ್ದಕ್ಕೂ ಎಲ್ಲರ ಭತ್ತವೂ ಒಮ್ಮೆಗೇ ಹಣ್ಣಾಗುತ್ತದೆ, ಎಲ್ಲರೂ ಒಮ್ಮೆಗೇ ಫೋನ್ ಮಾಡುತ್ತಾರೆ. ಯಾರ ಗದ್ದೆ ಮೊದಲು, ಯಾರದು ಆಮೇಲೆ ಎಂಬ ಪಾಳಿ ಹಚ್ಚುವುದು ಅವಳ ಕೆಲಸ. ಅವಳು ಒಂದು ದಿನ ಫೋನ್ ಮಾಡಿ, “ಮೇಡಂ, ಇದನ್ನ ಪ್ರೋಗ್ರಾಂ ಬರದು ಮಾಡಬಹುದೇನ್ರೀ?” ಎಂದಳು. ಮೂರು ಹಂಗಾಮು ಹಿಡಿದು ನಾವಿಬ್ಬರೂ ಅದನ್ನು ಬರೆದೆವು. ಹೆಸರು ‘ಪಾಳಿ’ ಅಂತಲೇ ಇಟ್ಟೆವು. ಪಾಳಿ ಹಚ್ಚುವ ಲೆಕ್ಕಾಚಾರ ನನ್ನದು. ಯಾವ ಹಾದಿಯಲ್ಲಿ ಮಿಷಿನ್ ಹೋಗುತ್ತದೆ, ಯಾವ ಕಾಲುವೆ ಸೇತುವೆ ಅದಕ್ಕೆ ಇಕ್ಕಟ್ಟು, ಯಾವ ಗದ್ದೆಗೆ ಚೈನೇ ಬೇಕು ಎಂಬ ಭಾಗ ಪೂರಾ ಅವಳದು. ನಿಜ ಹೇಳಬೇಕೆಂದರೆ ಪ್ರೋಗ್ರಾಂನ ಜೀವ ಇದ್ದದ್ದು ಆ ಭಾಗದಲ್ಲಿ.

ಕೋಡ್ ಮಾತ್ರ ಪೆನ್‌ಡ್ರೈವಿನಲ್ಲಿ ಓಡಾಡುತ್ತಿತ್ತು. ಸಿಂಧನೂರಿನಿಂದ ಮಸ್ಕಿಗೆ ಬರುವವರು ಯಾರಾದರೂ ಸಿಕ್ಕರೆ ಅವರ ಕೈಯಲ್ಲಿ ಕೊಟ್ಟು ಕಳಿಸುವಳು. ನನ್ನ ಲ್ಯಾಪ್‌ಟಾಪಿನಲ್ಲಿ ‘ಪಾಳಿ’, ‘ಪಾಳಿ ಹೊಸದು’, ‘ಪಾಳಿ ಫೈನಲ್’, ‘ಪಾಳಿ ಖರೇ ಫೈನಲ್’ ಎಂದು ನಾಲ್ಕು ಫೋಲ್ಡರುಗಳಿದ್ದವು. ಒಂದು ಸಲ ನಾನು ಅವಳ ಹೊಸ ಕೋಡಿನ ಮೇಲೆ ನನ್ನ ಹಳೆಯ ಫೋಲ್ಡರನ್ನು ಕಾಪಿ ಮಾಡಿ, ಅದನ್ನೇ ವಾಪಸ್ ಕಳಿಸಿಬಿಟ್ಟೆ. ದಢೇಸುಗೂರಿನ ಸೇತುವೆ ಇಕ್ಕಟ್ಟು ಎಂದು ಅವಳು ಸೇರಿಸಿದ್ದ ಸಾಲುಗಳೆಲ್ಲ ಅಳಿಸಿಹೋದವು. ಮರುದಿನ ಮಿಷಿನ್ ಆ ಸೇತುವೆಯವರೆಗೆ ಹೋಗಿ, ದಾಟಲಾಗದೆ, ಸುತ್ತುಹಾಕಿ ಇನ್ನೊಂದು ದಿಕ್ಕಿನಿಂದ ಬರುವಷ್ಟರಲ್ಲಿ ಅರ್ಧ ದಿನ ಕಳೆಯಿತು. ಅವಳು ಫೋನಿನಲ್ಲಿ ಬೈಯಲಿಲ್ಲ.

“ಎರಡು ವಾರದ ಕೆಲಸ ಹೋತ್ರೀ ಮೇಡಂ,” ಎಂದಷ್ಟೇ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು. ಹೋದ ಸಾಲುಗಳನ್ನು ಅವಳು ಮತ್ತೆ ಕೂತು ಬರೆದಳು.

ಅಷ್ಟರಲ್ಲಿ ತುರ್ವಿಹಾಳದ ಇನ್ನೊಬ್ಬ ಮಿಷಿನ್ ಮಾಲೀಕರು ‘ಪಾಳಿ’ ತಮಗೂ ಬೇಕೆಂದು ಕೇಳಿದರು. ಕೋಡನ್ನು ಯಾರು ಬೇಕಾದರೂ ನೋಡುವಂತೆ, ಬಳಸುವಂತೆ ಇಂಟರ್ನೆಟ್ಟಿನಲ್ಲಿ ಇಡೋಣ ಎಂದಳು ಅವಳು. ನಾನು ಹುರುಪಿನಿಂದ ಶನಿವಾರ ಮಧ್ಯಾಹ್ನ ಕಾಲೇಜಿನ ಲ್ಯಾಬಿನಲ್ಲೇ ನನ್ನ ಲ್ಯಾಪ್‌ಟಾಪ್ ತೆರೆದು ಕೂತೆ. ಕೊನೆಯ ಫೋಲ್ಡರಿಗೆ ಹೋಗಿ ‘ಗಿಟ್ ಇನಿಟ್’ ಎಂದು ಒತ್ತಿದೆ. ಫೋಲ್ಡರ್ ರೆಪೊ ಆಯಿತು. ‘ಗಿಟ್ ಆಡ್’ ಮುಂದೆ ಒಂದು ಚುಕ್ಕಿ ಇಟ್ಟು ಒಳಗಿದ್ದದ್ದನ್ನೆಲ್ಲ ಸೇರಿಸಿದೆ. ‘ಗಿಟ್ ಕಮಿಟ್’ ಎಂದು ಅದನ್ನು ನೆನಪಿಗೆ ಹಾಕಿಸಿದೆ. ಐದು ನಿಮಿಷದ ಕೆಲಸ. ಇಷ್ಟು ವರ್ಷ ಇದಕ್ಕೆ ಹೆದರಿದ್ದೆನಲ್ಲ ಅನ್ನಿಸಿತು.

ಭಾನುವಾರ ಬೆಳಿಗ್ಗೆ ಮಸ್ಕಿಯಿಂದ ಸಿಂಧನೂರಿಗೆ ಹೋದೆ. ಮಿಷಿನ್ ನಿಲ್ಲಿಸುವ ಶೆಡ್ಡಿನ ಪಕ್ಕದ ಕೋಣೆಯೇ ಅವಳ ಆಫೀಸು. ಅವಳ ಅತ್ತೆ ಬಾಗಿಲಲ್ಲೇ ಸಿಕ್ಕರು.

“ಬರ್ರೀ ಮೇಡಂ ಅವರ, ಕುಂದರ್ರಿ. ಒಗ್ಗರಣಿ ಮಾಡಾಕತ್ತೀನಿ, ಮಿರ್ಚಿನೂ ಕರೀತೀನಿ. ತಿಂದಾದ ಮ್ಯಾಲ ಕಂಪ್ಯೂಟರ್ ನೋಡೋರಂತ.”

ಮಂಡಾಳ ಒಗ್ಗರಣೆ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ತಿಂದ ಕೈ ತೊಳೆದು ಕೂತೆವು. ಅವಳು ಕೋಡ್ ಇಡುವ ವೆಬ್‌ಸೈಟಿನಲ್ಲಿ ಮೊದಲೇ ಮಾಡಿಕೊಂಡಿದ್ದ ತನ್ನ ಖಾತೆಯಲ್ಲಿ ‘ಪಾಳಿ’ ಎಂಬ ಹೊಸ ರೆಪೊ ಮಾಡಲು ಪುಟ ತೆರೆದಳು. ಅದರಲ್ಲಿ ಪರಿಚಯದ ಫೈಲ್ ಒಂದನ್ನು ಈಗಲೇ ಸೇರಿಸಬೇಕೇ ಎಂದು ಕೇಳಿತ್ತು. ನಾನು ಟಿಕ್ ಮಾಡು ಎಂದೆ.

“ಬ್ಯಾಡ್ರೀ. ಖಾಲಿನೇ ಇರಲಿ,” ಎಂದಳು. “ಟಿಕ್ ಮಾಡಿದ್ರ ಅಲ್ಲಿ ಬ್ಯಾರೆ ಒಂದು ಕಮಿಟ್ ಹುಟ್ಟತದ. ನಮ್ಮ ಕಮಿಟ್‌ಗೂ ಅದಕ್ಕೂ ಸಂಬಂಧ ಇರಂಗಿಲ್ಲ. ಆಮ್ಯಾಲ ನಾವು ಪುಷ್ ಮಾಡಿ ಕಳಸಿದ್ದನ್ನ ತಗೊಳ್ಳಂಗಿಲ್ಲ ಅಂತದ.”

ಹಿಂದೆ ನಿಂತಿದ್ದ ಅತ್ತೆ ಪರದೆ ನೋಡಿ, “ಎಲ್ಲಾ ಖಾಲಿ ಅದಲ್ಲ, ಏನೂ ಬಂದಿಲ್ಲಲ್ಲ?” ಎಂದರು.

“ಈಗ ಕಳಸ್ತೀವಿ ಅತ್ತಿ, ತಡೀರಿ.”

ಕಳಿಸುವ ಮುಂಚೆ ಅವಳು ನನ್ನ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡು ನಾನು ಮಾಡಿದ್ದ ಕಮಿಟ್‌ನಲ್ಲಿ ಏನೇನಿದೆ ಎಂದು ಪಟ್ಟಿ ತೆಗೆದಳು. ನೋಡುತ್ತಾ ನೋಡುತ್ತಾ ಅವಳ ಮುಖ ಬದಲಾಯಿತು. ಪಟ್ಟಿಯಲ್ಲಿ ರೈತರ ಹೆಸರು, ಫೋನ್ ನಂಬರು, ಗದ್ದೆಯ ಗುರುತು ಎಲ್ಲ ಇದ್ದ ಫೈಲೂ ಇತ್ತು. ರೈತರಿಗೆ ಪಾಳಿಯ ಮೆಸೇಜ್ ಕಳಿಸುವ ಸೇವೆಯ ಗುಟ್ಟಿನ ಕೀ ಇದ್ದ ಫೈಲೂ ಇತ್ತು. ಚುಕ್ಕಿ ಇಟ್ಟು ಎಲ್ಲವನ್ನೂ ಸೇರಿಸಿದ್ದು ನಾನೇ.

“ಅಳಿಸಿ ಇನ್ನೊಂದು ಕಮಿಟ್ ಮಾಡಿದ್ರಾತು,” ಎಂದೆ.

“ಮದಲಿನ ಕಮಿಟ್‌ನ್ಯಾಗ ಹಂಗ ಉಳೀತದರೀ ಮೇಡಂ. ಹಿಂದಕ್ಕ ಹೋಗಿ ನೋಡಿದವರಿಗೆ ಎಲ್ಲಾ ಕಾಣತದ. ಪುಣ್ಯಕ್ಕ ಇನ್ನೂ ಕಳಿಸಿಲ್ಲ.”

ನನ್ನ ಹನ್ನೆರಡು ವರ್ಷದ ಪಾಠ ಕಣ್ಣ ಮುಂದೆ ಬಂದು ನಾಚಿಕೆಯಾಯಿತು. ಆದರೆ ಅವಳು ಪರದೆಯ ಇನ್ನೊಂದು ಸಾಲನ್ನು ನೋಡುತ್ತಾ ಕೂತಿದ್ದಳು. ನಾನೂ ನೋಡಿದೆ. ಬರೆದವರು ಯಾರು ಎನ್ನುವಲ್ಲಿ ನನ್ನ ಹೆಸರು ಮಾತ್ರ ಇತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಮಾಡಿದ ಕಮಿಟ್ ಆದ್ದರಿಂದ ಗಿಟ್ ಅಲ್ಲಿದ್ದ ಹೆಸರನ್ನೇ ತೆಗೆದುಕೊಂಡಿತ್ತು. ಅವಳ ಸೇತುವೆಗಳು, ಅವಳ ಹಾದಿಗಳು, ಎಲ್ಲವೂ ನನ್ನ ಹೆಸರಿನಲ್ಲಿ.

“ನಿನ್ನ ಹೆಸರು ಎಲ್ಲೂ ಇಲ್ಲಲ್ಲ,” ಎಂದೆ.

“ಇರಲಿ ಬಿಡ್ರೀ. ನೀವು ಕಲಿಸಿದ್ದ ಅಲ್ಲೇನು ಅದೆಲ್ಲಾ.”

“ಸೇತುವಿ ಇಕ್ಕಟ್ಟದ ಅಂತ ನಾ ಕಲಿಸೀನೇನು?”

ಅವಳು ನಕ್ಕಳು. ಆ ನಗುವಿನಲ್ಲಿ, ಎರಡು ವಾರದ ಕೆಲಸ ಹೋದ ದಿನದಿಂದ ನನ್ನೊಳಗೆ ಕೂತಿದ್ದ ಏನೋ ಒಂದು ಹಗುರಾಯಿತು. ಎಲ್ಲ ಮೊದಲಿನಿಂದ ಮಾಡೋಣ ಎಂದು ನಿರ್ಧರಿಸಿದೆವು.

ಇತಿಹಾಸವೆಲ್ಲ ಇರುವುದು ಫೋಲ್ಡರಿನೊಳಗೆ ಗಿಟ್ ಮಾಡಿಕೊಂಡ ಒಂದು ಅಡಗಿದ ಫೋಲ್ಡರಿನಲ್ಲಿ. ಅದನ್ನು ಅಳಿಸಿದರೆ ಕಮಿಟ್ ಹೋಗುತ್ತದೆ, ನಮ್ಮ ಫೈಲುಗಳು ಇದ್ದಲ್ಲೇ ಇರುತ್ತವೆ. ಬೋರ್ಡಿನ ಮೇಲೆ ನಾನೇ ಹೀಗೆ ಬರೆದಿದ್ದೇನೆ. ಆದರೂ ಅಳಿಸುವ ಹೊತ್ತಿಗೆ ಕೈ ಮುಂದೆ ಹೋಗಲಿಲ್ಲ.

“ಮೂರು ಹಂಗಾಮಿನ ಕೆಲಸ ಅದ ಅದರಾಗ,” ಎಂದೆ.

“ತಡೀರಿ, ಮದಲ ಪೂರಾ ಫೋಲ್ಡರ್ ಒಂದು ಕಾಪಿ ತಗೋತೀನಿ. ಆಮ್ಯಾಲ ಧೈರ್ಯದಿಂದ ಅಳಸ್ರಿ.”

ಅಳಿಸಿದೆ. ಫೈಲುಗಳೆಲ್ಲ ಅಲ್ಲೇ ಇದ್ದವು. ನಾನು ಒಂದೊಂದನ್ನೂ ತೆರೆದು ನೋಡಿದೆ. ಅವಳು ತಡೆಯಲಿಲ್ಲ.

ಮತ್ತೆ ‘ಗಿಟ್ ಇನಿಟ್’. ಈ ಸಲ ಏನನ್ನೂ ಸೇರಿಸುವ ಮುಂಚೆ, ಗಿಟ್ ಯಾವುದನ್ನು ಮುಟ್ಟಬಾರದು ಎಂದು ಹೇಳುವ ‘ಗಿಟ್‌ಇಗ್ನೋರ್’ ಫೈಲನ್ನು ಬರೆದೆವು. ಅದರಲ್ಲಿ ರೈತರ ಪಟ್ಟಿ ಮತ್ತು ಕೀ ಇದ್ದ ಫೈಲುಗಳ ಹೆಸರು. ‘ಗಿಟ್ ಸ್ಟೇಟಸ್’ ಎಂದು ನೋಡಿದರೆ ಅವೆರಡೂ ಪಟ್ಟಿಯಿಂದ ಮಾಯ. ಮೊದಲು ನಾನು ಬರೆದ ಫೈಲುಗಳನ್ನಷ್ಟೇ ಸೇರಿಸಿ ಒಂದು ಕಮಿಟ್. ಆಮೇಲೆ ಅವಳು ಬರೆದವನ್ನು ಸೇರಿಸಿ ಇನ್ನೊಂದು. ಆ ಎರಡನೆಯದಕ್ಕೆ ಬರೆದವರು ಯಾರು ಎಂಬುದನ್ನು ನಾವೇ ಹೇಳುವ ಆಯ್ಕೆಯನ್ನು ಹಚ್ಚಿ, ಅವಳ ಹೆಸರು, ಇಮೇಲು ಕೊಟ್ಟೆ. ಕಮಿಟ್ ಮಾಡಿದ ಕೈ ನನ್ನದು, ಬರೆದವರ ಜಾಗದಲ್ಲಿ ಅವಳು. ಒಂದು ಫೈಲನ್ನು ಮಾತ್ರ ಇಬ್ಬರೂ ಸೇರಿ ಬರೆದಿದ್ದೆವು, ಅದು ಯಾವ ಕಮಿಟ್‌ಗೆ ಎಂಬ ಪ್ರಶ್ನೆ ನಡುವೆ ಬಂದಿತ್ತು.

“ಅದು ನಿಮ್ಮದರೀ.”

“ಅದು ನಿಂದು. ಸುಮ್ನಿರು.”

ಸ್ವಲ್ಪ ಹೊತ್ತು ಜಗ್ಗಾಡಿ ಅದನ್ನು ಅವಳ ಕಡೆಗೇ ಹಾಕಿದೆ.

ಇನ್ನು ಕಳಿಸುವುದು. ಖಾಲಿ ರೆಪೊದ ಪುಟದಲ್ಲಿ, ಇರುವ ಫೋಲ್ಡರನ್ನು ಕಳಿಸಲು ಬೇಕಾದ ಮೂರು ಸಾಲುಗಳನ್ನು ಆ ವೆಬ್‌ಸೈಟಿನವರೇ ಕೊಟ್ಟಿದ್ದರು. ಮೊದಲನೆಯದು ಆ ರೆಪೊದ ವಿಳಾಸವನ್ನು ನಮ್ಮ ಗಿಟ್‌ಗೆ ‘ಒರಿಜಿನ್’ ಎಂಬ ಹೆಸರಿನಲ್ಲಿ ಗುರುತು ಮಾಡಿಸುವುದು. ಅದನ್ನು ಹಾಕಿದೆ. ಮಧ್ಯದ ಸಾಲನ್ನು ಅವಸರದಲ್ಲಿ ಬಿಟ್ಟು ಕೊನೆಯದನ್ನು, ಅಂದರೆ ‘ಮೇನ್’ ಎಂಬ ಬ್ರ್ಯಾಂಚನ್ನು, ಕಮಿಟ್‌ಗಳ ಆ ಸರಣಿಯನ್ನು, ಪುಷ್ ಮಾಡುವ ಸಾಲನ್ನು, ಒತ್ತಿದೆ. ಅಂಥ ಹೆಸರಿನದು ಯಾವುದೂ ನಿಮ್ಮಲ್ಲಿ ಇಲ್ಲ ಎಂದಿತು.

“ಅಯ್ಯ, ಮತ್ತೇನಾತು?” ಎಂದರು ಅತ್ತೆ. ಅವರು ಕುರ್ಚಿ ತಂದುಕೊಂಡು ನಮ್ಮ ಹಿಂದೆಯೇ ಕೂತಿದ್ದರು.

ನೋಡಿದರೆ ನನ್ನ ಹಳೆಯ ಲ್ಯಾಪ್‌ಟಾಪಿನ ಗಿಟ್ ಬ್ರ್ಯಾಂಚಿಗೆ ‘ಮಾಸ್ಟರ್’ ಎಂದು ಹೆಸರಿಟ್ಟಿತ್ತು. ನಾನು ಬಿಟ್ಟ ಮಧ್ಯದ ಸಾಲು ಆ ಹೆಸರನ್ನು ‘ಮೇನ್’ ಎಂದು ಬದಲಿಸುವಂಥದ್ದು. ಅದನ್ನೂ ಹಾಕಿ ಮತ್ತೆ ಪುಷ್ ಮಾಡಿದೆ. ಈಗ ಪಾಸ್‌ವರ್ಡ್ ಕೇಳಿತು. ಅವಳು ತನ್ನದನ್ನು ಒತ್ತಿದಳು, ಒಪ್ಪಲಿಲ್ಲ. ಪಾಸ್‌ವರ್ಡಿನ ಬದಲು ಟೋಕನ್ ಎಂಬ ಉದ್ದನೆಯ ಅಕ್ಷರಮಾಲೆ ಬೇಕಂತೆ. ಖಾತೆಯ ಸೆಟ್ಟಿಂಗಿಗೆ ಹೋಗಿ ಅದನ್ನು ಮಾಡಿಕೊಂಡು ಬಂದಳು. ಅಷ್ಟರಲ್ಲಿ ಚಹಾ ಬಂತು, ಆರಿತು.

ಮೂರನೆಯ ಸಲ ಪರದೆಯ ಮೇಲೆ ಸಾಲುಗಳು ಸರಸರ ಓಡಿದವು. ಕೊನೆಗೆ ಹೊಸ ಬ್ರ್ಯಾಂಚ್ ‘ಮೇನ್’ ಎಂದು ಬಂತು. ಅವಳು ಪುಟವನ್ನು ಮತ್ತೆ ತೆರೆದಳು. ನಮ್ಮ ಫೈಲುಗಳು ಸಾಲಾಗಿ ನಿಂತಿದ್ದವು. ಕಮಿಟ್‌ಗಳ ಪಟ್ಟಿ ಒತ್ತಿದಳು. ಎರಡೇ ಎರಡು, ಕೆಳಗೆ ನನ್ನ ಹೆಸರು, ಮೇಲೆ ಅವಳದು.

“ಬಂತೇನವಾ?” ಎಂದರು ಅತ್ತೆ.

“ಬಂತ್ರೀ ಅತ್ತಿ. ಇಲ್ನೋಡ್ರಿ, ಇದು ನನ್ನ ಹೆಸರು.”

ಅತ್ತೆಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೂ ಕನ್ನಡಕ ಹಾಕಿಕೊಂಡು ಹತ್ತಿರ ಬಗ್ಗಿ ನೋಡಿದರು. “ನಮ್ಮ ಸೊಸಿ ಹೆಸರು ಮ್ಯಾಲ ಅದಲ್ಲ,” ಎಂದು ಖುಷಿಪಟ್ಟರು. ಹೊಸದು ಮೇಲೆ ಬರುತ್ತದೆ, ಅಷ್ಟೇ ಎಂದು ವಿವರಿಸಲು ಹೊರಟವಳು ಸುಮ್ಮನಾದೆ.

ಸಂಜೆ ಬಸ್ಸಿಗೆ ಹೊರಡುವ ಮುಂಚೆ ಅವಳು ತನ್ನ ಕಂಪ್ಯೂಟರಿನಲ್ಲಿ ಆ ರೆಪೊವನ್ನು ಕ್ಲೋನ್ ಮಾಡಿ, ಅಂದರೆ ಇತಿಹಾಸದ ಸಮೇತ ಒಂದು ಪ್ರತಿ ಇಳಿಸಿಕೊಂಡಳು. ರೈತರ ಪಟ್ಟಿ ಅದರಲ್ಲಿ ಬರಲಿಲ್ಲ, ಬರಬಾರದಿತ್ತು. ಅದು ಅವಳ ಹತ್ತಿರ ಬೇರೆಯಾಗಿಯೇ ಇತ್ತು, ತಂದು ಜೋಡಿಸಿದಳು. ಪ್ರೋಗ್ರಾಂ ಓಡಿತು.

ಆ ಹಂಗಾಮಿನಲ್ಲಿ ಒಂದು ದಿನ ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ಅವಳ ಮೆಸೇಜ್ ಬಂತು: ಒಂದು ಗದ್ದೆಗೆ ನೀರು ನಿಂತದ, ಚೈನ್ ಮಿಷಿನ್ ನಿಯಮ ಬದಲಿಸಿ ಪುಷ್ ಮಾಡೀನಿ, ನೋಡ್ರಿ. ‘ಪುಲ್’ ಮಾಡಿ ಅವಳ ಬದಲಾವಣೆಯನ್ನು ಇಳಿಸಿಕೊಂಡೆ. ಅವಳು ಬದಲಿಸಿದ್ದ ನಾಲ್ಕು ಸಾಲು ಮಾತ್ರ ಹಸಿರಾಗಿ ಕಂಡವು. ನನ್ನದು ಯಾವುದೂ ಅಳಿದಿರಲಿಲ್ಲ, ಅವಳದೂ. ತುರ್ವಿಹಾಳದ ಮಾಲೀಕರು ತಮ್ಮ ಮಿಷಿನ್‌ಗಳ ಪಾಳಿಗೆ ಅದನ್ನೇ ಕ್ಲೋನ್ ಮಾಡಿಸಿಕೊಂಡಿದ್ದರು.

ಮುಂದಿನ ಸೆಮಿಸ್ಟರಿನಲ್ಲಿ ಗಿಟ್ ಪಾಠದ ತಾಸಿಗೆ ನಾನು ಅವಳನ್ನು ಲಿಂಗಸುಗೂರಿಗೆ ಕರೆದೆ. ಬೋರ್ಡಿಗೆ ಕೈ ಹಚ್ಚದೆ, ಒಬ್ಬೊಬ್ಬರ ಕಂಪ್ಯೂಟರಿನಲ್ಲೂ ಒಂದೊಂದು ಹಳೆಯ ಫೋಲ್ಡರ್ ತೆಗೆಸಿ, ಮೊದಲು ಏನನ್ನು ಸೇರಿಸಬಾರದು ಎಂದು ಕೇಳುತ್ತಾ ಹೋದಳು. ಮಕ್ಕಳಲ್ಲಿ ಒಬ್ಬಳು ಕೈ ಎತ್ತಿ, “ಮೇಡಂ, ಡೌಟ್ ಅದರೀ,” ಎಂದಾಗ ಪಾಠ ಮಾಡುತ್ತಿದ್ದವಳು ತಿರುಗಿ ನನ್ನ ಕಡೆ ನೋಡಿದಳು.

“ನಿನ್ನ ಕೇಳಾಕತ್ತಾಳ,” ಎಂದೆ ನಾನು ಹಿಂದಿನ ಬೆಂಚಿನಿಂದ.