ಜೋಳ ಹಿಡಿದಿಟ್ಟ ಕಬ್ಬಿಣ

ಮಾದನಹಿಪ್ಪರಗಾದಲ್ಲಿ ನನ್ನದೊಂದು ಹಿಟ್ಟಿನ ಗಿರಣಿ. ಅಲ್ಲಿಗೆ ಬರುವುದರಲ್ಲಿ ಮುಕ್ಕಾಲು ಪಾಲು ಬಿಳಿಜೋಳ. ಅದನ್ನು ಹೊಟ್ಟಿನ ಸಮೇತ ಬೀಸಿಕೊಡುತ್ತೇನೆ. ನಮ್ಮ ಮನೆಯಲ್ಲೂ ಎರಡು ಹೊತ್ತು ರೊಟ್ಟಿ, ತೊಗರಿಬೇಳೆ, ಯಾವುದಾದರೊಂದು ಕಾಳಿನ ಪಲ್ಯ. ಮಾಂಸ ನಾವು ತಿನ್ನುವುದಿಲ್ಲ; ಆದರೂ ಇದಕ್ಕಿಂತ ಗಟ್ಟಿ ಊಟ ಇಲ್ಲವೆಂದೇ ನಂಬಿದ್ದೆ. ಆದ್ದರಿಂದ ಕಾಲೇಜಿಗೆಂದು ಆಳಂದಕ್ಕೆ ಓಡಾಡುವ ಮಗಳು ಬಸ್ಸಿನಲ್ಲಿ ತಲೆ ತಿರುಗಿ ಕುಸಿದಳೆಂದು ತಿಳಿದಾಗ, ಊಟದ ಮೇಲೆ ನನಗೆ ಅನುಮಾನವೇ ಬರಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ನೋಡಿ, ಕಬ್ಬಿಣ ಬಹಳ ಕಡಿಮೆಯಿದೆ ಎಂದರು. ಮಾತ್ರೆ ಬರೆದುಕೊಟ್ಟು, ಆಹಾರದ ಬಗ್ಗೆ ಹೇಳುವ ಮೇಡಂ ಹತ್ತಿರ ಕಳಿಸಿದರು. ನಾವು ಏನೇನು ತಿನ್ನುತ್ತೇವೆಂದು ಅವರು ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ.

"ಜೋಳದಾಗ ಕಬ್ಬಿಣ ಅದರಿ, ಜಿಂಕೂ ಅದ," ಎಂದರು ಮೇಡಂ. "ಆದ್ರ ಕಾಳಿನೊಳಗ ಫೈಟಿಕ್ ಆಮ್ಲ ಅಂತ ಒಂದು ಇರ್ತದ. ಅದು ಅವೆರಡನ್ನೂ ಗಟ್ಟಿ ಹಿಡಕೊಂಡು ಬಿಡ್ತದ. ಅದನ್ನ ಬಿಡಿಸೋ ಶಕ್ತಿ ನಮ್ಮ ಕರುಳಿಗೆ ಇಲ್ಲ. ಹಂಗೇ ಹೊರಗ ಹೋಗ್ತದ."

"ಅಂದ್ರ ಜೋಳ ತಿನ್ನಬಾರದೇನ್ರಿ?"

"ಹಂಗಲ್ಲರಿ, ತಿನ್ನಬೇಕು."

"ಮತ್ತ ಹೊಟ್ಟು ಜರಡಿ ಹಿಡಿದು ತೆಗೀಲೇನ್ರಿ?"

"ಆ ಆಮ್ಲ ಹೊಟ್ಟಿನಾಗೂ ಮೊಳಕಿ ಒಡಿಯೋ ಜಾಗದಾಗೂ ಜಾಸ್ತಿ ಇರ್ತದ, ಖರೆ. ಆದ್ರ ಕಬ್ಬಿಣಾನೂ ಅಲ್ಲೇ ಜಾಸ್ತಿ. ತೆಗೀಬ್ಯಾಡ್ರಿ."

ನೆನೆಸಿ, ಹುಳಿ ಬರಿಸಿ ತಿನ್ನಿ, ಮಾತ್ರೆ ನುಂಗುವಾಗ ಚಹಾ ಬೇಡ, ಊಟದ ಜೊತೆಗೂ ಬೇಡ ಎಂದೆಲ್ಲ ಅವರು ಹೇಳಿದರು. ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಜೋಳ ಕಬ್ಬಿಣವನ್ನು ಹಿಡಿದಿಡುತ್ತದೆ ಎಂಬುದೊಂದೇ. ಕೊಡುವುದೂ ಅದೇ, ಬಿಡದಿರುವುದೂ ಅದೇ. ಬಸ್ಸಿನಲ್ಲಿ ಕೂತು ಎಷ್ಟು ಯೋಚಿಸಿದರೂ ಇದು ಬಗೆಹರಿಯಲಿಲ್ಲ.

ಮರುದಿನ ಗಿರಣಿಗೆ ಬಂದವರು ಮಗಳನ್ನು ವಿಚಾರಿಸಿದಾಗ ಬಾಯಿ ತಡೆಯಲಾಗದೆ ಅದನ್ನೇ ಹೇಳಿದೆ. ಸಂಜೆಯ ಹೊತ್ತಿಗೆ ಅದು, ಜೋಳ ರಕ್ತ ಹೀರುತ್ತದೆ ಎಂದಾಗಿ ನನ್ನ ಬಳಿಯೇ ಬಂತು. ತುಂಬು ಬಸುರಿ ಸೊಸೆಯಿದ್ದ ಒಬ್ಬ ಹೆಂಗಸು ಜೋಳದ ಚೀಲವನ್ನು ಕೆಳಗಿಳಿಸದೆ ಬಾಗಿಲಲ್ಲೇ ನಿಂತಳು.

"ಅಣ್ಣಾ, ಬೀಸಿಸಲೋ ಬ್ಯಾಡೋ? ನೀನ ಹೇಳು."

ಹೊಟ್ಟೆಪಾಡಿನ ಯಂತ್ರದ ಪಕ್ಕದಲ್ಲೇ ನಿಂತು ಬೇಡ ಎನ್ನಲೂ ಆಗದು, ಬೀಸಿಸು ಎನ್ನಲೂ ಧೈರ್ಯವಿಲ್ಲ.

ಮನೆಯಲ್ಲಿ ಹೆಂಡತಿ ರೊಟ್ಟಿ ಹಿಟ್ಟನ್ನೇ ರಾತ್ರಿ ಕಲಸಿ ಹುಳಿ ಬರಿಸಿದಳು. ಬೆಳಿಗ್ಗೆ ಅದು ಕೈಗೆ ಅಂಟಿತು, ತಟ್ಟಿದರೆ ಅಂಚೆಲ್ಲ ಹರಿಯಿತು. ಅವ್ವ ನೋಡಿ, "ರೊಟ್ಟಿ ಯಾಕ ಕೆಡಸ್ತೀರಿ, ಅಂಬಲಿ ಮಾಡ್ರಿ," ಎಂದಳು. ಅಂಬಲಿ ಬೇಸಿಗೆಯಲ್ಲಿ ನಮ್ಮಲ್ಲಿ ಆಗುತ್ತಿತ್ತು. ತಂಪಿಗೆಂದು ಕುಡಿಯುತ್ತಿದ್ದೆವು, ಅಷ್ಟೇ. ಹೆಂಡತಿ ಬೇರೆ ಹಿಟ್ಟನ್ನು ನೀರಲ್ಲಿ ಕುದಿಸಿ, ಆರಿಸಿ, ಹುಳಿಯಾಗಲು ಮುಚ್ಚಿಟ್ಟಳು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅದನ್ನು ಹೇಳಿದರೆ, ಕುದಿಸಿದ್ದು ಹುಳಿ ಬರುವುದಕ್ಕೆ ಮೊದಲೋ ಆಮೇಲೋ ಎಂದು ಮೇಡಂ ಕೇಳಿದರು.

"ಮೊದಲರಿ. ಅದರಿಂದೇನ್ ಫರಕ್ ಆಗ್ತದ?"

"ಆ ಆಮ್ಲ ಒಡಿಯೋ ಕಿಣ್ವ ಹಸಿ ಹಿಟ್ಟಿನಾಗೇ ಅದರಿ. ಕುದಿಸಿದ್ರ ಸಾಯ್ತದ. ಹಸಿ ಹಿಟ್ಟು ನೀರಾಗ ಕಲಸಿ ಇಡ್ರಿ, ಹಿಂದಿನ ಸಲದ ಹುಳಿನೀರು ಸ್ವಲ್ಪ ಹಾಕ್ರಿ. ಹುಳಿ ಏರಿದಂಗ ಆ ಕಿಣ್ವ ಚಲೋ ಕೆಲಸ ಮಾಡ್ತದ, ಹುಳಿ ಬರಿಸೋ ಸೂಕ್ಷ್ಮಜೀವಿಗಳೂ ಅದಕ್ಕ ಜೋಡಿ ಆಗ್ತಾವ. ಹಿಡಿತ ಸಡಿಲಾಗ್ತದ. ಆಮ್ಯಾಲ ಕುದಸ್ರಿ."

"ಪೂರಾ ಹೋಗ್ತದೇನ್ರಿ?"

"ಪೂರಾ ಅಲ್ಲ, ಕಡಿಮಿ ಆಗ್ತದ."

ಅಲ್ಲಿಂದ ಮನೆಯಲ್ಲಿ ಹಸಿ ಹಿಟ್ಟು ಗಡಿಗೆಯಲ್ಲಿ ಹುಳಿಯತೊಡಗಿತು. ಮಧ್ಯಾಹ್ನ ರೊಟ್ಟಿ ಇದ್ದೇ ಇತ್ತು; ಬೆಳಿಗ್ಗೆ ಮಾತ್ರ ಅಂಬಲಿ, ಇಲ್ಲವೇ ಹುಳಿ ಬಂದ ಹಿಟ್ಟಿನ ದೋಸೆ. ಕಾಳು ನೆನೆಸಿ ಮೊಳಕೆ ಬರಿಸಿದೆವು. ಮಗಳು ಮೊದಮೊದಲು ಅಂಬಲಿಯನ್ನು ಮೂಗು ಮುಚ್ಚಿಕೊಂಡೇ ಕುಡಿದಳು, ಆಮೇಲೆ ಉಳ್ಳಾಗಡ್ಡಿ ಕಡಿದುಕೊಳ್ಳುತ್ತ ಕುಡಿದಳು. ಚಹಾ ಬಿಡಿಸಿದ್ದಕ್ಕೆ ಅವಳ ಸಿಟ್ಟು ನನ್ನ ಮೇಲಿತ್ತು.

ಕೆಲವು ತಿಂಗಳ ನಂತರ ಮತ್ತೆ ರಕ್ತ ನೋಡಿದಾಗ ಕಬ್ಬಿಣ ಚೆನ್ನಾಗಿ ಏರಿತ್ತು. ನಾನು ಸಂತೋಷಪಡುವುದು ಬಿಟ್ಟು, "ಇದು ಅಂಬಲಿಯಿಂದ ಆತೇನ್ರಿ?" ಎಂದು ಕೇಳಿದೆ.

"ದೊಡ್ಡ ಕೆಲಸ ಮಾತ್ರೀದು," ಎಂದರು ಮೇಡಂ. "ಅಂಬಲಿ ಎಷ್ಟು, ಚಹಾ ಬಿಟ್ಟಿದ್ದು ಎಷ್ಟು, ಅದನ್ನ ಬ್ಯಾರೆ ಮಾಡಿ ಹೇಳಾಕ ನನಗೂ ಬರೂದಿಲ್ಲರಿ. ಮಾತ್ರಿ ನಿಲ್ಲಿಸಿದ ಮ್ಯಾಲ ಆಕಿನ್ನ ಊಟಾನೇ ಕಾಯಬೇಕು. ಬಿಡಬ್ಯಾಡ್ರಿ."

ಗಿರಣಿಗೆ ಬರುವವರು ಈಗಲೂ ಕೇಳುತ್ತಾರೆ. ತಿನ್ನಿರಿ, ಆದರೆ ಹಸಿ ಹಿಟ್ಟು ಹುಳಿ ಬರಿಸಿಯೂ ತಿನ್ನಿರಿ ಎನ್ನುತ್ತೇನೆ. ಯಾಕೆ ಎಂದವರಿಗೆ ವಿವರಿಸಲು ಹೋದರೆ, ಕೊಡುವ ಕಾಳೇ ಯಾಕೆ ಹಿಡಿದಿಡುತ್ತದೆ ಎಂಬಲ್ಲಿಗೆ ಬಂದು ಮಾತು ತೊಡರುತ್ತದೆ. ಅವರು ಹೂಂ ಎನ್ನುತ್ತ ಚೀಲ ಬಿಚ್ಚುತ್ತಾರೆ, ನಾನು ಯಂತ್ರ ಚಾಲೂ ಮಾಡುತ್ತೇನೆ.